ಶನಿವಾರದ ತೂಕ ಮತ್ತು ಏಳು ದಿನಗಳ ಸರಾಸರಿ

ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರಿಗೆ ಕಾಲಶ್ರೇಣಿ ಪಾಠದ ಚಲಿಸುವ ಸರಾಸರಿ ಗೊತ್ತಿರುತ್ತದೆ. ಮೂರು ವರ್ಷದ್ದು, ಐದು ವರ್ಷದ್ದು ಎಂದು ಕೋಷ್ಟಕ ಹಾಕಿ, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಅಂಕ ತೆಗೆದುಕೊಂಡು ಮರೆತುಬಿಡುತ್ತೇವೆ. ಲೆಕ್ಕಗಳೆಲ್ಲ ಯಾವುದೋ ಕಾರ್ಖಾನೆಯ ಉತ್ಪಾದನೆಯ ಮೇಲೆ, ಯಾವುದೋ ಅಂಗಡಿಯ ಮಾರಾಟದ ಮೇಲೆ ಇರುತ್ತವೆ. ಅದೇ ಲೆಕ್ಕವನ್ನು ನಾನು ಈ ವರ್ಷ ನಮ್ಮ ಅಮ್ಮಿಯ ತೂಕಕ್ಕೆ ಹಾಕಿದೆ. ಅದು ಹೇಗೆಂದು ಇಲ್ಲಿ ಬರೆಯುತ್ತೇನೆ, ಏಕೆಂದರೆ ನಮ್ಮ ಅನೇಕರ ಮನೆಗಳಲ್ಲಿ ಸಕ್ಕರೆ ಕಾಯಿಲೆಯ, ಮೊಣಕಾಲು ನೋವಿನ ಒಬ್ಬರಾದರೂ ಇದ್ದಾರೆ, ಅವರೆಲ್ಲರಿಗೂ ಡಾಕ್ಟರು ತೂಕ ಇಳಿಸಲು ಹೇಳಿದ್ದಾರೆ.

ಅಮ್ಮಿಗೆ ಲಿಂಗಸುಗೂರಿನಲ್ಲಿ ತೋರಿಸಿದಾಗ ಹೇಳಿದ್ದೂ ಇದನ್ನೇ. ಚಹಾದಲ್ಲಿ ಸಕ್ಕರೆ ಬಿಡಿ, ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ ಪಲ್ಯ ಉಣ್ಣಿ, ಸಂಜೆ ನಡೆಯಿರಿ. ಅಮ್ಮಿ ಎಲ್ಲವನ್ನೂ ಮಾಡಿದರು. ಮನೆಯಲ್ಲಿ ಅಂಕಿ ತೋರಿಸುವ ತೂಕದ ಮಷಿನ್ ಇತ್ತು, ದಿನಾ ಬೆಳಿಗ್ಗೆ ಅದರ ಮೇಲೆ ನಿಲ್ಲುತ್ತಿದ್ದರು. ಎರಡನೇ ವಾರದ ಶನಿವಾರ ಅದು ಒಂದೇ ದಿನದಲ್ಲಿ 1.1 ಕೆಜಿ ಏರಿಕೆ ತೋರಿಸಿತು. "ಕ್ಯಾ ಫಾಯ್ದಾ? ಇಷ್ಟು ದಿನ ಬಾಯಿ ಕಟ್ಟಿ ಏನು ಉಪಯೋಗ? ನಾಳೆಯಿಂದ ಸಕ್ಕರೆ ಹಾಕಿಯೇ ಚಹಾ ಮಾಡು" ಎಂದರು. ನಾನು ಅವರ ನೋಟ್‌ಬುಕ್ ತೆಗೆದುಕೊಂಡು ಕೂತೆ.

ಮೊದಲ ವಾರ ಶನಿವಾರದಿಂದ ಶುಕ್ರವಾರದವರೆಗೆ ಹೀಗಿತ್ತು: 74.9, 74.6, 74.2, 74.0, 74.1, 73.8, 73.7. ಕೂಡಿಸಿದರೆ 519.3. ಏಳರಿಂದ ಭಾಗಿಸಿದರೆ 74.19 ಕೆಜಿ. ಎಂಟನೇ ದಿನ, ಅಂದರೆ ಆ ಕೆಟ್ಟ ಶನಿವಾರ, ಮಷಿನ್ ತೋರಿಸಿದ್ದು 74.8. ಈಗ ಚಲಿಸುವ ಸರಾಸರಿಯ ನಿಯಮದಂತೆ ಹಳೆಯ ಶನಿವಾರದ 74.9 ಅನ್ನು ಕೈಬಿಟ್ಟು ಹೊಸ 74.8 ಅನ್ನು ಸೇರಿಸಬೇಕು. ಮೊತ್ತ 519.2 ಆಗುತ್ತದೆ, ಸರಾಸರಿ 74.17. ಮಷಿನ್ ಒಂದು ಕೆಜಿಗೂ ಹೆಚ್ಚು ಏರಿದೆ ಎಂದ ಅದೇ ದಿನ ಸರಾಸರಿ ಸ್ವಲ್ಪ ಇಳಿದಿತ್ತು.

ಇದು ಅಂಕಿಗಳ ಕಣ್ಕಟ್ಟು ಎಂದು ಅಬ್ಬಾ ನಕ್ಕರು. ಕಣ್ಕಟ್ಟು ಇರುವುದು ಮಷಿನ್‌ನಲ್ಲಿ, ಸರಾಸರಿಯಲ್ಲಲ್ಲ. ಮಷಿನ್ ಕೊಬ್ಬನ್ನು ಮಾತ್ರ ತೂಗುವುದಿಲ್ಲ. ಹೊಟ್ಟೆಯಲ್ಲಿರುವ ಊಟ, ಕುಡಿದ ನೀರು, ಉಪ್ಪು ಹಿಡಿದಿಟ್ಟ ನೀರು ಎಲ್ಲವನ್ನೂ ಸೇರಿಸಿ ತೂಗುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಅನ್ನ ಹೆಚ್ಚು ಉಂಡ ದಿನ ದೇಹ ಅದರ ಪಿಷ್ಟದ ಒಂದು ಭಾಗವನ್ನು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಹಾಗೆ ಕೂಡಿಟ್ಟ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಿರಿಯಾನಿ. ಅನ್ನವೂ ಉಪ್ಪೂ ಎರಡೂ ಜಾಸ್ತಿ. ಆದ್ದರಿಂದ ಶನಿವಾರ ಬೆಳಿಗ್ಗೆ ತೂಕ ಏರುತ್ತದೆ, ಸೋಮವಾರದ ಹೊತ್ತಿಗೆ ಆ ನೀರು ಹೊರಟುಹೋಗುತ್ತದೆ. ನೋಟ್‌ಬುಕ್‌ನಲ್ಲಿ ಎರಡೂ ವಾರ ಹಾಗೇ ಆಗಿದೆ.

ಆ 1.1 ಕೆಜಿ ನಿಜವಾಗಿಯೂ ಕೊಬ್ಬಾಗಿದ್ದರೆ? ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಲೆಕ್ಕ. ಅಂದರೆ ಅಮ್ಮಿ ಆ ದಿನದ ಮಾಮೂಲಿ ಊಟದ ಮೇಲೆ ಇನ್ನೂ ಎಂಟು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಉಣ್ಣಬೇಕಿತ್ತು. ಸಿಂಧನೂರಿನವರಿಗೆ ಅಕ್ಕಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ: ಸುಮಾರು 2.4 ಕೆಜಿ ಸೋನಾ ಮಸೂರಿ ಬೇಯಿಸಿ ಒಬ್ಬರೇ ಒಂದೇ ದಿನ ಉಂಡಂತೆ. ಇದನ್ನು ಹೇಳಿದಾಗ ಅಮ್ಮಿಗೂ ನಗು ಬಂತು.

ಇದೇ ಲೆಕ್ಕ ಇಳಿಯುವ ಕಡೆಗೂ ಅನ್ವಯಿಸುತ್ತದೆ. ಎರಡನೇ ವಾರದ ಏಳು ಅಂಕಿಗಳು 74.8, 74.5, 73.9, 73.8, 73.6, 73.7, 73.4. ಮೊತ್ತ 517.7, ಸರಾಸರಿ 73.96. ಮೊದಲ ವಾರಕ್ಕಿಂತ 0.23 ಕೆಜಿ ಕಡಿಮೆ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 33 ಗ್ರಾಂ. ನಮ್ಮ ಮಷಿನ್ 100 ಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸುವುದೇ ಇಲ್ಲ. ನಿಜವಾದ ಬದಲಾವಣೆ ದಿನಕ್ಕೆ 33 ಗ್ರಾಂ, ನೀರು ಮತ್ತು ಊಟದ ಏರಿಳಿತ ಒಂದು ಕೆಜಿ. ನಿನ್ನೆಯ ಅಂಕಿಯನ್ನು ಇವತ್ತಿನ ಅಂಕಿಯೊಂದಿಗೆ ಹೋಲಿಸಿದರೆ ಏನೂ ಕಾಣುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಏಳು ದಿನವೇ ಏಕೆ, ಪಠ್ಯಪುಸ್ತಕದಲ್ಲಿರುವಂತೆ ಐದು ಏಕಾಗಬಾರದು? ನಾನು ಐದರದ್ದನ್ನೂ ಹಾಕಿ ನೋಡಿದೆ. ಮೊದಲ ವಾರದ ಸೋಮವಾರದಿಂದ ಶುಕ್ರವಾರದವರೆಗಿನ ಐದು ದಿನಗಳ ಸರಾಸರಿ 73.96. ಎರಡು ದಿನ ಮುಂದೆ ಸರಿದು ಬುಧವಾರದಿಂದ ಭಾನುವಾರದವರೆಗೆ ತೆಗೆದುಕೊಂಡರೆ 74.18. ಸರಾಸರಿ ಹಾಕಿದ ಮೇಲೂ 220 ಗ್ರಾಂ ಏರಿದಂತೆ ಕಾಣುತ್ತದೆ, ಅಮ್ಮಿಗೆ ಮತ್ತೆ ಅದೇ ಬೇಸರ. ಕಾರಣ ಸರಳ. ಮೊದಲ ಐದು ದಿನಗಳಲ್ಲಿ ಶನಿವಾರವೂ ಇಲ್ಲ ಭಾನುವಾರವೂ ಇಲ್ಲ, ಎರಡನೆಯದರಲ್ಲಿ ಎರಡೂ ಇವೆ. ಏಳು ದಿನ ತೆಗೆದುಕೊಂಡರೆ ಎಲ್ಲಿಂದ ಶುರು ಮಾಡಿದರೂ ಒಂದೇ ಒಂದು ಶನಿವಾರ, ಒಂದೇ ಒಂದು ಭಾನುವಾರ ಒಳಗಿರುತ್ತದೆ. ಆವರ್ತ ಎಷ್ಟು ಉದ್ದವೋ ಸರಾಸರಿಯ ಅವಧಿಯೂ ಅಷ್ಟೇ ಇರಬೇಕು ಎಂದು ತರಗತಿಯಲ್ಲಿ ಹೇಳಿದ್ದು ಇದನ್ನೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದಕ್ಕಿಂತ ಬಿರಿಯಾನಿಯಿಂದ ಇದು ನನಗೆ ಚೆನ್ನಾಗಿ ತಿಳಿಯಿತು.

ಇಲ್ಲಿ ಒಂದು ಸುಲಭ ದಾರಿಯೂ ಇದೆ. ಏಳು ದಿನಗಳ ಸರಾಸರಿ ಏರುವುದು ಇಳಿಯುವುದು ಹೊಸದಾಗಿ ಒಳಬಂದ ದಿನ ಮತ್ತು ಹೊರಬಿದ್ದ ದಿನದ ವ್ಯತ್ಯಾಸದಿಂದ ಮಾತ್ರ. ಅಂದರೆ ಈ ಶನಿವಾರವನ್ನು ಹೋದ ಶನಿವಾರಕ್ಕೆ ಹೋಲಿಸಿದರೆ ಸಾಕು. 74.9 ಇದ್ದದ್ದು 74.8 ಆಗಿದೆ. ಕೂಡಿಸಿ ಭಾಗಿಸಲು ಬೇಸರವಾದ ದಿನ ಅಮ್ಮಿ ಈಗ ಇಷ್ಟೇ ನೋಡುತ್ತಾರೆ.

ಬರೆಯುವ ಕ್ರಮದ ಬಗ್ಗೆ ಎರಡು ಮಾತು. ಅಮ್ಮಿ ಫಜರ್ ನಮಾಜ್ ಆದ ಮೇಲೆ, ಶೌಚಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮುಂಚೆ ತೂಗುತ್ತಾರೆ. ಮಷಿನ್ ಯಾವಾಗಲೂ ಒಂದೇ ಕಡೆ ಇರಬೇಕು, ಬಂಡೆ ಹಾಸಿದ ಸಮ ನೆಲದ ಮೇಲೆ. ಚಾಪೆಯ ಮೇಲೆ ಇಟ್ಟರೆ ಬೇರೆ ಅಂಕಿ ಬರುತ್ತದೆ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮಧ್ಯಾಹ್ನ ಊಟದ ನಂತರ ನೋಡಿದ ತೂಕವನ್ನು, ಮಸ್ಕಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನೋಡಿದ ತೂಕವನ್ನು ಈ ಪುಸ್ತಕದಲ್ಲಿ ಬರೆಯಬಾರದು. ಮಷಿನ್ ಮಷಿನ್‌ಗೂ ವ್ಯತ್ಯಾಸವಿರುತ್ತದೆ, ಅದನ್ನು ಯಾವ ಸರಾಸರಿಯೂ ಸರಿಪಡಿಸುವುದಿಲ್ಲ. ಮನೆಯ ಮಷಿನ್ ಕೆಟ್ಟಿದೆಯೇ ಎಂದು ತಿಳಿಯಲು ನಾವು 20 ಲೀಟರ್ ನೀರಿನ ಕ್ಯಾನನ್ನು ಒಂದೇ ಗುರುತಿನವರೆಗೆ ತುಂಬಿ ತಿಂಗಳಿಗೊಮ್ಮೆ ಅದರ ಮೇಲೆ ಇಡುತ್ತೇವೆ. ಪ್ರತಿ ತಿಂಗಳು ಒಂದೇ ಅಂಕಿ ಬರಬೇಕು. ಬರದಿದ್ದರೆ ಮೊದಲು ಸೆಲ್ ಬದಲಾಯಿಸಿ ನೋಡಬೇಕು.

ಮೊಬೈಲ್‌ನಲ್ಲಿ ಶೀಟ್ ಬಳಸುವವರು A ಕಾಲಮ್‌ನಲ್ಲಿ ದಿನಾಂಕ, B ಯಲ್ಲಿ ತೂಕ ಬರೆದು, ಏಳನೇ ದಿನದ ಎದುರು C8 ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದರೆ ಸಾಕು:

```
=AVERAGE(B2:B8)
```

ತೂಗದ ದಿನದ ಮನೆಯನ್ನು ಖಾಲಿ ಬಿಡಬೇಕು, ಸೊನ್ನೆ ಬರೆಯಬಾರದು. ಖಾಲಿ ಮನೆಯನ್ನು ಶೀಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. ಆರು ದಿನ 70 ಇದ್ದು ಒಂದು ದಿನ ಸೊನ್ನೆ ಇದ್ದರೆ ಸರಾಸರಿ 60 ಎಂದು ತೋರಿಸುತ್ತದೆ. ಸರಾಸರಿ ಒಮ್ಮೆಗೇ ಹತ್ತು ಕೆಜಿ ಬಿದ್ದರೆ ಖುಷಿಪಡುವ ಮುಂಚೆ ಸೊನ್ನೆ ಹುಡುಕಿ. ತಪ್ಪಿದ ದಿನ ಶನಿವಾರವೇ ಆಗಿದ್ದರೆ ಆ ವಾರದ ಸರಾಸರಿ ಸುಮ್ಮನೆ ಕಡಿಮೆ ಬರುತ್ತದೆ, ಅದನ್ನೂ ನಂಬಬೇಡಿ.

ದಿನಾ ಅಂಕಿ ನೋಡಿದರೆ ಕೆಲವರಿಗೆ ಮನಸ್ಸು ಕೆಡುತ್ತದೆ. ಅಂಥವರು ವಾರಕ್ಕೊಮ್ಮೆ, ಬುಧವಾರ ಎಂದು ಗೊತ್ತುಮಾಡಿಕೊಂಡು ತೂಗಿ, ನಾಲ್ಕು ವಾರಗಳ ಸರಾಸರಿ ಹಾಕಬಹುದು. ನಿಧಾನ, ಆದರೆ ನಡೆಯುತ್ತದೆ. ಸೊಂಟದ ಅಳತೆಗೂ ಇದೇ ಸರಿ. ಟೇಪ್ ಒಂದು ಬೆರಳು ಮೇಲೆ ಕೆಳಗೆ ಆದರೂ ಅಳತೆ ಬದಲಾಗುವುದರಿಂದ ಒಮ್ಮೆಗೆ ಮೂರು ಸಲ ಅಳೆದು ಅದರ ಸರಾಸರಿಯನ್ನು ಆ ವಾರದ ಅಂಕಿ ಎಂದು ಬರೆಯಬೇಕು.

ಸರಾಸರಿಗೆ ಒಂದು ದೋಷವಿದೆ, ಅದು ಹಿಂದೆ ಉಳಿಯುತ್ತದೆ. ಶುಕ್ರವಾರ ಬರೆದ ಏಳು ದಿನಗಳ ಸರಾಸರಿ ನಿಜವಾಗಿ ಮಧ್ಯದ ದಿನ ಮಂಗಳವಾರದ್ದು. ಪಾಠದಲ್ಲಿಯೂ ಅದನ್ನು ಮಧ್ಯದ ವರ್ಷದ ಎದುರಿಗೇ ಬರೆಯುತ್ತೇವೆ. ಸೋಮವಾರ ಊಟ ಬದಲಾಯಿಸಿದರೆ ಹಳೆಯ ದಿನಗಳೆಲ್ಲ ಹೊರಬೀಳಲು ಮುಂದಿನ ಭಾನುವಾರದವರೆಗೆ ಕಾಯಬೇಕು.

ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಇಡೀ ವಾರದ ಸರಾಸರಿಯೇ ಏರಬಹುದು. ಆಗ ಹಿಂದಿನ ವಾರದ ಬದಲು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ರಂಜಾನ್‌ನಲ್ಲಿ ಊಟದ ಹೊತ್ತೇ ಬದಲಾಗುತ್ತದೆ. ಸೆಹ್ರಿ ಮುಗಿಸಿ ತೂಗಿದರೆ ಊಟ ನೀರು ಎರಡೂ ಒಳಗಿರುತ್ತವೆ, ಇಫ್ತಾರ್‌ಗೆ ಮುಂಚೆ ತೂಗಿದರೆ ದಿನವಿಡೀ ನೀರಿಲ್ಲದ ಮೈ. ನಮ್ಮ ಬಿಸಿಲಿನಲ್ಲಿ ಇವೆರಡರ ನಡುವೆ ಒಂದೆರಡು ಕೆಜಿ ಅಂತರ ಬಂದರೆ ಆಶ್ಚರ್ಯವಿಲ್ಲ. ಸೆಹ್ರಿಗೆ ಎದ್ದ ಕೂಡಲೇ, ಉಣ್ಣುವ ಮುಂಚೆ ತೂಗುವುದು ಒಳ್ಳೆಯದು. ಆ ತಿಂಗಳಿಗೆ ಬೇರೆ ಪುಟ ಹಾಕಿ, ಶಾಬಾನ್‌ನ ಕೊನೆಯ ವಾರದೊಂದಿಗೆ ಅದನ್ನು ಹೋಲಿಸಬೇಡಿ.

ಎಲ್ಲರಿಗೂ ಈ ಲೆಕ್ಕ ಹೊಂದುವುದಿಲ್ಲ. ನಮ್ಮ ವಯಸ್ಸಿನವರು ಇನ್ನೂ ಬೆಳೆಯುತ್ತಿರುತ್ತೇವೆ, ಸರಾಸರಿ ಏರಿದರೆ ಅದು ದೋಷವಲ್ಲ. ಹೃದಯದ ಕಾಯಿಲೆಯಿಂದ ಮೈಯಲ್ಲಿ ನೀರು ತುಂಬುವವರಿಗಂತೂ ದಿನದ ಅಂಕಿಯೇ ಮುಖ್ಯ. ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ವಾರದ ಸರಾಸರಿಗೆ ಕಾಯದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆಯವರು ಊಟ ಕಡಿಮೆ ಮಾಡದೆಯೂ ವಾರವಾರ ಇಳಿಯುತ್ತಿದ್ದರೆ, ಜೊತೆಗೆ ಬಾಯಾರಿಕೆ ಮತ್ತು ಮೂತ್ರ ಹೆಚ್ಚಿದ್ದರೆ, ಆ ಇಳಿಕೆ ಸಕ್ಕರೆ ಹತೋಟಿ ತಪ್ಪಿದ್ದರ ಗುರುತಾಗಿರಬಹುದು. ತೂಕದ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ ರಕ್ತ ತೋರಿಸಿ.