ಮಗುವಿನ ಬೆಳವಣಿಗೆಯಲ್ಲಿ ಮನೆ, ಶಾಲೆ, ಊರು: ಅಯೋವಾ ರೈತ ಕುಟುಂಬಗಳ ಅಧ್ಯಯನ

ಹೊಲದಲ್ಲಿ ಬೆಳೆ ಸೊರಗಿದರೆ ರೈತನು ಗಿಡವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಬೇರಿನ ಸುತ್ತ ತೇವ ಇದೆಯೇ, ಮೇಲಿನ ಹೊಲದ ನೀರು ಇಲ್ಲಿ ಬಂದು ನಿಂತಿದೆಯೇ, ಬೀಜ ಎಲ್ಲಿಂದ ತಂದದ್ದು ಎಂದು ವಿಚಾರಿಸುತ್ತಾನೆ. ಅದೇ ರೈತನ ಮಗು ಓದಿನಲ್ಲಿ ಹಿಂದೆ ಬಿದ್ದಾಗ ಮಾತ್ರ ಮನೆಯವರೂ ಶಿಕ್ಷಕರೂ ಮಗುವನ್ನೇ ನೋಡಿ, ದಡ್ಡ ಎಂದೋ ಸೋಮಾರಿ ಎಂದೋ ತೀರ್ಮಾನಿಸುವುದು ಸಾಮಾನ್ಯ. ಮಗುವಿನ ವಿಷಯದಲ್ಲಿಯೂ ಸುತ್ತಲಿನ ಪರಿಸರವನ್ನು ಕ್ರಮವಾಗಿ ನೋಡಬೇಕೆಂದು ತೋರಿಸಿಕೊಟ್ಟವರು ಯೂರಿ ಬ್ರಾನ್‌ಫೆನ್‌ಬ್ರೆನ್ನರ್ (1917-2005). ಇವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಇವರ ವಿಚಾರಗಳನ್ನೊಳಗೊಂಡ ಪ್ರಮುಖ ಗ್ರಂಥ 1979ರಲ್ಲಿ ಪ್ರಕಟವಾಯಿತು.

ಬ್ರಾನ್‌ಫೆನ್‌ಬ್ರೆನ್ನರ್ ಅವರ ಪ್ರಕಾರ ಮಗುವಿನ ಸುತ್ತ ಒಂದರೊಳಗೊಂದು ಸೇರಿದ ಪದರಗಳಿವೆ. ಮಗು ದಿನನಿತ್ಯ ತಾನೇ ಇರುವ ಜಾಗಗಳಾದ ಮನೆ, ಶಾಲೆ, ಆಟದ ಬಯಲು ಮೊದಲನೆಯ ಪದರ. ಈ ಜಾಗಗಳ ನಡುವಣ ಸಂಬಂಧ, ಅಂದರೆ ತಾಯಿ ಮತ್ತು ಶಿಕ್ಷಕರ ಪರಿಚಯ, ಮನೆಯಲ್ಲಿ ಹೇಳುವುದಕ್ಕೂ ಶಾಲೆಯಲ್ಲಿ ಹೇಳುವುದಕ್ಕೂ ಇರುವ ಹೊಂದಾಣಿಕೆ, ಎರಡನೆಯದು. ಮಗು ಎಂದೂ ಕಾಲಿಡದಿದ್ದರೂ ಅದರ ಬದುಕನ್ನು ಮುಟ್ಟುವ ಸ್ಥಳಗಳಾದ ಬ್ಯಾಂಕು, ಮಾರುಕಟ್ಟೆ, ತಂದೆ ದುಡಿಯುವ ಕಾರ್ಖಾನೆ ಮೂರನೆಯದು. ಇವೆಲ್ಲಕ್ಕೂ ಹೊರಗೆ ಸಮಾಜದ ಕಾನೂನು, ನಂಬಿಕೆ, ರೂಢಿಗಳಿವೆ. ಕಾಲದ ಬದಲಾವಣೆಯನ್ನು ಅವರು ಆಮೇಲೆ, 1986ರ ಸುಮಾರಿಗೆ, ಇವುಗಳೊಂದಿಗೆ ಸೇರಿಸಿದರು.

ಪಠ್ಯಪುಸ್ತಕಗಳಲ್ಲಿ ಇದನ್ನು ವೃತ್ತದೊಳಗೆ ವೃತ್ತವಾಗಿ ಬರೆದು ಬಿಟ್ಟುಬಿಡುತ್ತಾರೆ. ಬಾಯಿಪಾಠ ಮಾಡಲು ಅದು ಸುಲಭ, ಆದರೆ ಒಂದು ಪದರದಲ್ಲಿ ಆದ ಏರುಪೇರು ಇನ್ನೊಂದನ್ನು ದಾಟಿ ಮಗುವಿನವರೆಗೆ ಯಾವ ದಾರಿಯಿಂದ ಬರುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದ ಒಂದು ಅಧ್ಯಯನ ರೈತ ಕುಟುಂಬಗಳ ಮೇಲೆಯೇ ನಡೆದಿದೆ.

ಬಡ್ಡಿಯ ದರ ಮತ್ತು ಊಟದ ಮೇಜು

ಅಮೆರಿಕದ ಅಯೋವಾ ರಾಜ್ಯ ಮೆಕ್ಕೆಜೋಳ, ಸೋಯಾ ಅವರೆ ಮತ್ತು ಹಂದಿ ಸಾಕಣೆಯ ನಾಡು. 1970ರ ದಶಕದಲ್ಲಿ ಧಾನ್ಯದ ರಫ್ತು ಹೆಚ್ಚಿ, ಸಾಲ ಸುಲಭವಾಗಿ ಸಿಗುತ್ತಿದ್ದುದರಿಂದ ರೈತರು ಸಾಲ ಮಾಡಿ ಭೂಮಿ, ಯಂತ್ರಗಳನ್ನು ಕೊಂಡರು. 1979ರ ಅಕ್ಟೋಬರಿನಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು ಹಣದುಬ್ಬರವನ್ನು ತಡೆಯಲು ಬಿಗಿ ನೀತಿ ತಂದಿತು, ಬಡ್ಡಿ ಏರಿತು. 1980ರ ಜನವರಿಯಲ್ಲಿ ಸೋವಿಯತ್ ದೇಶಕ್ಕೆ ಧಾನ್ಯ ಮಾರಾಟದ ಮೇಲೆ ನಿರ್ಬಂಧ ಬಿತ್ತು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಭೂಮಿಯ ಬೆಲೆ 1986ರಲ್ಲಿ 787 ಡಾಲರಿಗೆ ಇಳಿಯಿತು. ಭೂಮಿಯನ್ನೇ ಆಧಾರವಾಗಿಟ್ಟು ಸಾಲ ಪಡೆದವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಅನೇಕ ಮನೆತನಗಳು ಬೇಸಾಯವನ್ನೇ ಬಿಟ್ಟವು. ಪೇಟೆಯ ಅಂಗಡಿಗಳೂ ಮುಚ್ಚಿದವು.

ಈ ಬಿಕ್ಕಟ್ಟಿನ ಬೆನ್ನಲ್ಲೇ, 1989ರಲ್ಲಿ, ರಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಮತ್ತು ಅವರ ಸಂಗಡಿಗರು ಉತ್ತರ ಮಧ್ಯ ಅಯೋವಾದ 8 ಜಿಲ್ಲೆಗಳ 451 ಕುಟುಂಬಗಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಪ್ರತಿ ಮನೆಯಲ್ಲಿಯೂ ತಂದೆ, ತಾಯಿ, ಏಳನೆಯ ತರಗತಿಯಲ್ಲಿ ಓದುವ ಒಂದು ಮಗು ಮತ್ತು ಹೆಚ್ಚು ಕಡಿಮೆ ಅದೇ ವಯಸ್ಸಿನ ಅಣ್ಣ, ತಮ್ಮ ಅಥವಾ ಅಕ್ಕ, ತಂಗಿ ಇದ್ದರು. ಪ್ರಶ್ನಾವಳಿಯನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ತುಂಬಿದರು. ಆಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ವಿಷಯ ಚರ್ಚಿಸುವುದನ್ನು ವಿಡಿಯೋದಲ್ಲಿ ಚಿತ್ರಿಸಿ, ತರಬೇತಾದ ಬೇರೆ ವೀಕ್ಷಕರಿಂದ ಅಂಕ ಹಾಕಿಸಲಾಯಿತು. ತಂದೆ ತಾನು ಶಾಂತನೆಂದು ಬರೆದಿದ್ದರೂ ಮಗನ ಮಾತಿಗೆ ಹೇಗೆ ಉತ್ತರಿಸಿದನೆಂಬುದು ಚಿತ್ರದಲ್ಲಿ ಉಳಿಯುತ್ತಿತ್ತು.

ಅಧ್ಯಯನದಲ್ಲಿ ತಿಳಿದುಬಂದ ದಾರಿ ಹೀಗಿದೆ. ಆದಾಯ ಕುಸಿದದ್ದು, ಸಾಲ ಆಸ್ತಿಯನ್ನು ಮೀರಿದ್ದು ಮಗುವಿನ ಮೇಲೆ ನೇರವಾಗಿ ಪರಿಣಾಮ ಮಾಡಿದ್ದು ಕಡಿಮೆ. ಮೊದಲು ಅದು ದಿನದ ಒತ್ತಡವಾಗಿ ಮಾರ್ಪಡುತ್ತದೆ: ಬಿಲ್ಲು ಕಟ್ಟಲಾಗುವುದಿಲ್ಲ, ಬೇಕಾದುದನ್ನು ಕೊಳ್ಳಲಾಗುವುದಿಲ್ಲ, ಇದ್ದುದನ್ನು ಕಡಿಮೆ ಮಾಡಬೇಕಾಗುತ್ತದೆ. ಈ ಒತ್ತಡದಿಂದ ತಂದೆ ತಾಯಿಯರ ಮನಸ್ಸು ಕುಗ್ಗುತ್ತದೆ, ಸಿಡುಕು ಹೆಚ್ಚುತ್ತದೆ. ಅದರಿಂದ ಗಂಡ ಹೆಂಡಿರ ನಡುವೆ ಜಗಳ ಬರುತ್ತದೆ. ಜಗಳದ ಮನೆಯಲ್ಲಿ ಮಕ್ಕಳ ಮೇಲಿನ ಗಮನ ತಪ್ಪುತ್ತದೆ; ಒಂದು ದಿನ ಹೊಡೆತ, ಇನ್ನೊಂದು ದಿನ ಕೇಳುವವರೇ ಇಲ್ಲ ಎಂಬಂತಾಗುತ್ತದೆ. ಮಗುವಿನ ಓದು ಮತ್ತು ನಡತೆ ಕೆಡುವುದು ಈ ಕೊನೆಯ ಹಂತದಲ್ಲಿ.

ಇದರಿಂದ ಹೊರಡುವ ಒಂದು ಅಂಶ ಗಮನಾರ್ಹ. ಸರಪಳಿ ಉದ್ದವಾಗಿರುವುದರಿಂದ ಅದನ್ನು ತುಂಡರಿಸುವ ಜಾಗಗಳೂ ಹಲವು. ಸಾಲ ಹಾಗೆಯೇ ಇದ್ದರೂ ದಂಪತಿಗಳು ಒಬ್ಬರಿಗೊಬ್ಬರು ಆಸರೆಯಾಗಿದ್ದ ಮನೆಗಳಲ್ಲಿ ಒತ್ತಡವು ಮಗುವಿನವರೆಗೆ ಅಷ್ಟಾಗಿ ಇಳಿಯಲಿಲ್ಲ.

ಭೂಮಿಯ ನಂಟು ಏನು ಮಾಡಿತು

ಇದೇ ಕುಟುಂಬಗಳ ಆಧಾರದ ಮೇಲೆ ಎಲ್ಡರ್ ಮತ್ತು ಕಾಂಗರ್ 2000ದಲ್ಲಿ ಇನ್ನೊಂದು ಗ್ರಂಥ ಪ್ರಕಟಿಸಿದರು. ಬೇಸಾಯದ ನಂಟು ಉಳಿಸಿಕೊಂಡ ಮನೆಗಳ ಮಕ್ಕಳು ಓದಿನಲ್ಲಿಯೂ ಜನರೊಂದಿಗೆ ಬೆರೆಯುವುದರಲ್ಲಿಯೂ ಮುಂದಿದ್ದರೆಂದು ಅವರು ಕಂಡರು. ಕಾರಣಗಳನ್ನು ಹುಡುಕಿದಾಗ ಎರಡನೆಯ ಪದರ, ಅಂದರೆ ಜಾಗಗಳ ನಡುವಣ ಕೊಂಡಿ, ಎದ್ದು ಕಂಡಿತು. ಈ ಮನೆಗಳಲ್ಲಿ ತಂದೆ ಮಕ್ಕಳು ಒಟ್ಟಿಗೆ ದುಡಿಯುತ್ತಿದ್ದರು. ಮಗುವಿನ ಕೆಲಸ ತೋರಿಕೆಯದಲ್ಲ. ಅದು ಮನೆಗೆ ನಿಜವಾಗಿ ಬೇಕಾಗಿತ್ತು, ಹಿರಿಯರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಜ್ಜ ಅಜ್ಜಿಯರು ಹತ್ತಿರದಲ್ಲಿಯೇ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ತಂದೆ ತಾಯಿಯರು ಚರ್ಚಿನಲ್ಲಿ, ಶಾಲೆಯ ಸಭೆಗಳಲ್ಲಿ, ಊರಿನ ಸಂಘಗಳಲ್ಲಿ ಭಾಗವಹಿಸುತ್ತಿದ್ದರು. ಹೀಗಾಗಿ ಮಗುವನ್ನು ಶಾಲೆಯಲ್ಲಿ ಕಂಡವರೇ ಅದರ ಮನೆಯವರನ್ನೂ ಬಲ್ಲವರಾಗಿದ್ದರು.

ಈ ಫಲಿತಾಂಶವನ್ನು ಓದುವಾಗ ಎಚ್ಚರ ಬೇಕು. ಬಿಕ್ಕಟ್ಟಿನಲ್ಲಿ ಊರು ಬಿಟ್ಟುಹೋದ ಕುಟುಂಬಗಳು ಲೆಕ್ಕದಲ್ಲಿಲ್ಲ. ಉಳಿದುಕೊಂಡವರು ಮೊದಲಿನಿಂದಲೇ ಗಟ್ಟಿಯಾದ ಸಂಸಾರಗಳಾಗಿದ್ದಿರಬಹುದು. ತಂದೆ ತಾಯಿ ಇಬ್ಬರೂ ಇದ್ದ ಮನೆಗಳನ್ನಷ್ಟೇ ಆರಿಸಲಾಗಿತ್ತು. ಅವು ಬಿಳಿಯ ಜನರ ಕುಟುಂಬಗಳು. ಮಕ್ಕಳನ್ನು ಹೊಲದಲ್ಲಿ ದುಡಿಸಿದರೆ ಬುದ್ಧಿವಂತರಾಗುತ್ತಾರೆ ಎಂದು ಇದರಿಂದ ಯಾರಾದರೂ ಅರ್ಥ ಮಾಡಿದರೆ ಅದು ಪೂರ್ತಿ ತಪ್ಪು. ಅಲ್ಲಿಯ ಮಕ್ಕಳು ಶಾಲೆ ಬಿಟ್ಟು ದುಡಿಯಲಿಲ್ಲ. ಶಾಲೆ ಮುಗಿದ ಮೇಲೆ ದುಡಿದರು.

ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆ

ಮೆಕ್ಕೆಜೋಳ ಮೊಳಕಾಲೆತ್ತರ ಇರುವಾಗ ಹತ್ತು ದಿನ ಮಳೆ ತಡವಾದರೆ ಚೇತರಿಸಿಕೊಳ್ಳುತ್ತದೆ. ತೆನೆಯಲ್ಲಿ ರೇಷ್ಮೆ ಕಾಣುವಾಗ ಅದೇ ಹತ್ತು ದಿನ ತಪ್ಪಿದರೆ ಕಾಳು ಕಟ್ಟುವುದಿಲ್ಲ. ಎಲ್ಡರ್ ಅವರ ಹಿಂದಿನ ಕೆಲಸದಲ್ಲಿ ಇಂಥದೇ ಅಂಶ ಕಾಣುತ್ತದೆ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕ್ಯಾಲಿಫೋರ್ನಿಯದ ಎರಡು ತಂಡದ ಮಕ್ಕಳನ್ನು ಅವರು ಹೋಲಿಸಿದರು. 1920-21ರಲ್ಲಿ ಹುಟ್ಟಿದ ಓಕ್ಲೆಂಡಿನ ಮಕ್ಕಳು ಆ ಹೊತ್ತಿಗೆ ದೊಡ್ಡವರಾಗಿದ್ದು, ಮನೆಗೆಲಸಕ್ಕೂ ಸಣ್ಣಪುಟ್ಟ ಸಂಪಾದನೆಗೂ ಹೆಗಲು ಕೊಟ್ಟರು, ಬಹುಮಟ್ಟಿಗೆ ಚೇತರಿಸಿಕೊಂಡರು. 1928-29ರಲ್ಲಿ ಹುಟ್ಟಿದ ಬರ್ಕ್ಲಿಯ ಮಕ್ಕಳು ಆಗ ಪೂರ್ತಿಯಾಗಿ ತಂದೆ ತಾಯಿಯನ್ನೇ ನಂಬಿದ ಎಳೆಯರು. ಅವರಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಹದಿಹರೆಯದಲ್ಲಿಯೂ ಆ ಪೆಟ್ಟಿನ ಗುರುತು ಉಳಿದಿತ್ತು. ಒಂದೇ ಮನೆಯಲ್ಲಿ ಹಿರಿಮಗ ತಡೆದುಕೊಂಡದ್ದನ್ನು ಕಿರಿಯನು ತಡೆಯಲಾರನು.

ನಮ್ಮ ಹಳ್ಳಿಯಲ್ಲಿ ನೋಡುವ ಬಗೆ

ತಿಳಿವಳಿಕೆಗಾಗಿ ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳಬಹುದು. ನಾಲ್ಕು ಎಕರೆ ಖುಷ್ಕಿ. ಈರುಳ್ಳಿಯ ಬೆಲೆ ಬಿದ್ದು ಸಹಕಾರ ಸಂಘದ ಸಾಲ ಉಳಿದಿದೆ. ಮಗ ಏಳನೆಯ ತರಗತಿಯಲ್ಲಿದ್ದಾನೆ. ಶಾಲೆಗೆ ಆಗಾಗ ತಪ್ಪಿಸುತ್ತಾನೆ. ಮೇಷ್ಟರು ಹುಡುಗನಿಗೆ ಆಸಕ್ತಿಯಿಲ್ಲ ಎನ್ನುತ್ತಾರೆ. ತಂದೆ ಮೇಷ್ಟರಿಗೆ ಹಳ್ಳಿಯ ಮಕ್ಕಳೆಂದರೆ ಅಷ್ಟಕ್ಕಷ್ಟೇ ಎನ್ನುತ್ತಾನೆ. ಇಬ್ಬರೂ ಒಂದು ವರ್ಷದಿಂದ ಮುಖಾಮುಖಿ ಮಾತಾಡಿಲ್ಲ.

ಗ್ರಾಮಮಟ್ಟದ ಕಾರ್ಯಕರ್ತರು ಮೊದಲು ಶಾಲೆಯ ಹಾಜರಿ ಪುಸ್ತಕವನ್ನೂ ಆ ಊರಿನ ಬೆಳೆಯ ಕಾಲವನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ತಪ್ಪಿದ ದಿನಗಳು ಕಳೆ ತೆಗೆಯುವ, ಕಟಾವಿನ ವಾರಗಳಲ್ಲಿ ಗುಂಪಾಗಿದ್ದರೆ ಕಾರಣ ಆಳಿನ ಕೊರತೆ ಇರಬಹುದು. ಅಂಥಲ್ಲಿ ಮುಯ್ಯಾಳಿನ ಏರ್ಪಾಡು ಆಗುತ್ತದೆಯೇ ಎಂದು ಯೋಚಿಸಬೇಕು. ಹುಡುಗನಿಗೆ ಬುದ್ಧಿ ಹೇಳುವುದರಿಂದ ಏನೂ ಆಗದು. ತಪ್ಪಿದ ದಿನಗಳು ವರ್ಷವಿಡೀ ಚೆದುರಿದ್ದರೆ ಬೆಳೆಗೂ ಅದಕ್ಕೂ ಸಂಬಂಧವಿಲ್ಲ. ಕಾಯಿಲೆ, ಪಾಠ ಅರ್ಥವಾಗದಿರುವುದು, ಯಾರದಾದರೂ ಹೆದರಿಕೆ ಇವುಗಳನ್ನು ವಿಚಾರಿಸಬೇಕು. ಹಾಜರಿ ಸರಿಯಾಗಿದ್ದು ಓದು ಮಾತ್ರ ಸಾಲದ ವರ್ಷದಿಂದ ಇಳಿಮುಖವಾಗಿದ್ದರೆ ಅಯೋವಾದಲ್ಲಿ ಕಂಡ ಸರಪಳಿಯನ್ನು ನೆನೆಯಬೇಕು. ಒಂದು ಗುರುತಿನಿಂದಲೇ ತೀರ್ಮಾನಕ್ಕೆ ಬರಬಾರದು. ಇವು ವಿಚಾರಣೆ ಎಲ್ಲಿಂದ ಶುರು ಮಾಡಬೇಕೆಂಬುದನ್ನು ಮಾತ್ರ ತೋರಿಸುತ್ತವೆ.

ಅನಂತರ ಒಂದು ಹಾಳೆಯ ಮೇಲೆ ಆ ಹುಡುಗನೊಂದಿಗೆ ದಿನವೂ ಒಡನಾಡುವ ಹಿರಿಯರ ಹೆಸರು ಬರೆಯಬೇಕು: ತಾಯಿ, ತಂದೆ, ಅಜ್ಜಿ, ಮೇಷ್ಟರು, ಸೋದರಮಾವ, ಹೀಗೆ. ಇವರಲ್ಲಿ ಕಳೆದ ಒಂದು ತಿಂಗಳಲ್ಲಿ ಪರಸ್ಪರ ಮಾತಾಡಿದವರ ನಡುವೆ ಒಂದೊಂದು ಗೆರೆ ಎಳೆಯಬೇಕು. ಮೇಲಿನ ಮನೆಯಲ್ಲಿ ಮೇಷ್ಟರ ಹೆಸರಿಗೆ ಒಂದು ಗೆರೆಯೂ ಬರುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರು ಇರಬೇಕೆಂಬ ನಿಯಮವಿದ್ದರೂ, ಸಭೆಯನ್ನು ಸುಗ್ಗಿಯ ದಿನ ಹಗಲು ಹನ್ನೊಂದಕ್ಕೆ ಕರೆದರೆ ಬರುವವರು ಯಾರು? ಸಾಯಂಕಾಲ ಡೇರಿಗೆ ಹಾಲು ಹಾಕಲು ಎಲ್ಲರೂ ಸೇರುವ ಹೊತ್ತಿಗೆ ಮೇಷ್ಟರು ಅಲ್ಲಿಗೆ ಬಂದು ಹತ್ತು ನಿಮಿಷ ಮಾತಾಡಿದರೆ ಆ ಗೆರೆ ಬೀಳುತ್ತದೆ. ಮಾತು ದೂರಿನಿಂದ ಆರಂಭವಾಗದಿರುವುದು ಮುಖ್ಯ. ಶಿಕ್ಷಕರು ಮನೆಗೆ ಸುದ್ದಿ ಕಳಿಸುವುದು ಹುಡುಗ ತಪ್ಪು ಮಾಡಿದಾಗ ಮಾತ್ರ ಎಂದಾದರೆ, ಕೊಂಡಿ ಇದ್ದೂ ಅದು ಮಗುವಿಗೆ ಮುಳುವಾಗುತ್ತದೆ: ಆ ಸುದ್ದಿ ತಲಪುವುದು ಮೊದಲೇ ಸಿಡುಕಿನಲ್ಲಿರುವ ಮನೆಗೆ.

ಸಾಲ ಮತ್ತು ಬೆಲೆಯ ಪದರವನ್ನು ಕಾರ್ಯಕರ್ತರಾಗಲಿ ಮೇಷ್ಟರಾಗಲಿ ಬದಲಿಸಲಾರರು. ಸಾಲದ ಕಂತನ್ನು ಮುಂದೂಡಲು ಬರುತ್ತದೆಯೇ, ಬೆಳೆ ವಿಮೆಯ ಹಣ ಬರಬೇಕಾಗಿದೆಯೇ ಎಂದು ವಿಚಾರಿಸಿ ತಂದೆಗೆ ತಿಳಿಸುವುದು ಅವರ ಕೈಯಲ್ಲಿದೆ. ಆ ಮಾತನ್ನು ಹೆಂಡತಿಯ ಎದುರಿಗೇ ಹೇಳುವುದು ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಸಾಲದ ನಿಜವಾದ ಮೊತ್ತ ಹೆಂಡತಿಗೆ ಗೊತ್ತಿರುವುದಿಲ್ಲ. ಗಂಡ ಏಕೆ ರೇಗುತ್ತಾನೆಂಬುದೂ ಅವಳಿಗೆ ಆಗ ತಿಳಿಯುವುದಿಲ್ಲ.