ಬೈಯಪ್ಪನಹಳ್ಳಿ ಎಂದು ಬರೆದು ನೋಡಿ

ಆ್ಯಪ್‌ನ ಮೊದಲ ಪರದೆಯಲ್ಲೇ ಯಾರಾದರೂ ಎಡವಿದರೆ ಅವರು ಬೈದುಕೊಳ್ಳುವುದು ತಮ್ಮ ಬೆರಳನ್ನು, ಇಲ್ಲವೇ ಕನ್ನಡಕವನ್ನು. ಪರದೆ ಮಾಡಿದವರನ್ನು ಯಾರೂ ಬೈಯುವುದಿಲ್ಲ. ಆದ್ದರಿಂದಲೇ ತಪ್ಪು ವರ್ಷಗಟ್ಟಲೆ ಉಳಿದುಬಿಡುತ್ತದೆ. ಇಂಥ ಪರದೆಗಳ ಕೆಲಸದಿಂದ ನಾನು ಕಲಿತದ್ದು ಇಷ್ಟು: ಒತ್ತುವ ಜಾಗ ಎಷ್ಟಿರಬೇಕು, ಅಕ್ಷರ ಎಷ್ಟಿರಬೇಕು ಎಂಬುದು ಡಿಸೈನರ್‌ಗಳ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸಾಲು. ಕನ್ನಡದಲ್ಲಿ ಅವೆರಡೂ ಒಂದೇ ಪ್ರಶ್ನೆ, ಅದರಲ್ಲಿ ಮೊದಲ ಮಾತು ಅಕ್ಷರದ್ದು. ಅಕ್ಷರ ನೆಮ್ಮದಿಯಾಗಿ ಕೂರುವಷ್ಟು ಜಾಗ ಕೊಟ್ಟರೆ ಬಟನ್ ತಾನಾಗಿ ಬೆರಳಿಗೆ ಸಾಲುವಷ್ಟು ದೊಡ್ಡದಾಗುತ್ತದೆ. ಇಂಗ್ಲಿಷ್‌ಗೆಂದು ಅಳೆದಿಟ್ಟ ಬಟನ್‌ಗೆ ಕನ್ನಡವನ್ನು ತುರುಕಿದರೆ ಎರಡೂ ಕೆಡುತ್ತವೆ.

ಬೆರಳಿನ ಲೆಕ್ಕದಲ್ಲಿ ದೊಡ್ಡ ತಕರಾರೇನೂ ಇಲ್ಲ. ಒತ್ತುವ ಜಾಗ ಕನಿಷ್ಠ 48 ಡಿಪಿ ಇರಲಿ ಎನ್ನುತ್ತದೆ ಗೂಗಲ್; ಆ್ಯಪಲ್ 44 ಪಾಯಿಂಟ್ ಎನ್ನುತ್ತದೆ. ಒಂದು ಅಂಗುಲಕ್ಕೆ 160 ಡಿಪಿ ಎಂಬ ಕಾಗದದ ಲೆಕ್ಕದಲ್ಲಿ 48 ಎಂದರೆ ಏಳೂವರೆ ಮಿಲಿಮೀಟರ್ ಚಿಲ್ಲರೆ. ಆದರೆ ಈಗಿನ ಸಾಧಾರಣ ಫೋನ್‌ನ ಪರದೆ ಸುಮಾರು 68 ಮಿ.ಮೀ. ಅಗಲವಿದ್ದು, ಅದರಲ್ಲಿ 360 ಡಿಪಿ ಹಿಡಿಸಿದರೆ ಅದೇ 48 ಡಿಪಿ 9 ಮಿ.ಮೀ. ಆಗುತ್ತದೆ. 2006ರಲ್ಲಿ ಪಾರ್ಹಿ, ಕಾರ್ಲ್‌ಸನ್, ಬೆಡರ್‌ಸನ್ ಎಂಬ ಮೂವರು ಸಂಶೋಧಕರು ಒಂದೇ ಕೈಯ ಹೆಬ್ಬೆರಳಿಂದ ಒಮ್ಮೆ ಒತ್ತುವುದಕ್ಕೆ 9.2 ಮಿ.ಮೀ. ಬೇಕೆಂದು ಕಂಡುಕೊಂಡಿದ್ದರು, ಎರಡೂ ಲೆಕ್ಕ ಹೊಂದುತ್ತವೆ. ತಕರಾರು ಹುಟ್ಟುವುದು ಮೀಟಿಂಗ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾನದಂಡ ಎಎ ಮಟ್ಟಕ್ಕೆ 24 ಪಿಕ್ಸೆಲ್ ಸಾಕು ಎನ್ನುತ್ತದಲ್ಲ ಎಂದು ಯಾರಾದರೊಬ್ಬ ಮ್ಯಾನೇಜರ್ ಎತ್ತಿಯೇ ಎತ್ತುತ್ತಾರೆ. ಆ 24 ಇರುವುದು ಅದಕ್ಕಿಂತ ಕೆಳಗಿಳಿದರೆ ತಪ್ಪು ಎಂದು ಹೇಳಲಿಕ್ಕೆ, ಅಷ್ಟಿದ್ದರೆ ಆರಾಮ ಎಂದು ಹೇಳಲಿಕ್ಕಲ್ಲ. ಅದೇ ಮಾನದಂಡದ ಎಎಎ ಮಟ್ಟ 44 ಪಿಕ್ಸೆಲ್ ಕೇಳುತ್ತದೆ. ಆ ಸಾಲನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ಇನ್ನು ಅಕ್ಷರ. ಇಂಗ್ಲಿಷ್ ಅಕ್ಷರ ಗೆರೆಯ ಕೆಳಗೆ ಸ್ವಲ್ಪವೇ ಇಳಿಯುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಕೆಲವೆಡೆ ಒತ್ತಿನ ಕೆಳಗೊಂದು ಒತ್ತು. ಸಾಲಿನ ಎತ್ತರ ಇಂಗ್ಲಿಷ್‌ಗೆ ಸರಿಹೊಂದುವಂತೆ ಕಟ್ಟಿಹಾಕಿದ್ದರೆ ಮೊದಲು ಕತ್ತರಿ ಬೀಳುವುದು ಒತ್ತಿಗೆ. ಇದು ಪರೀಕ್ಷೆಯಲ್ಲಿ ಸಿಕ್ಕಿಬೀಳದಿರುವುದಕ್ಕೂ ಕಾರಣವಿದೆ. ಮಾದರಿಗೆಂದು ತುಂಬಿಸುವ ಹೆಸರುಗಳು ಸಾಮಾನ್ಯವಾಗಿ ಶಿವಾಜಿನಗರ, ಹಲಸೂರು, ಇಂದಿರಾನಗರ. ಈ ಮೂರರಲ್ಲಿ ಒಂದೂ ಒತ್ತಿಲ್ಲ, ಎಂಥ ಇಕ್ಕಟ್ಟಿನ ಬಟನ್‌ನಲ್ಲೂ ಪಾಸಾಗುತ್ತವೆ. ಅದೇ ನೇರಳೆ ಮೆಟ್ರೊ ಮಾರ್ಗದಲ್ಲಿ ಇಂದಿರಾನಗರದಿಂದ ಎರಡು ನಿಲ್ದಾಣ ಮುಂದೆ ಹೋದರೆ ಬೈಯಪ್ಪನಹಳ್ಳಿ. ಪಕಾರಕ್ಕೊಂದು ಒತ್ತು, ಳಕಾರಕ್ಕೊಂದು. ನಡುವಿನ ಸ್ವಾಮಿ ವಿವೇಕಾನಂದ ರಸ್ತೆ ಇನ್ನೂ ಉದ್ದ, ಅದರಿಂದ ಅಗಲದ ಪರೀಕ್ಷೆಯೂ ಆಗುತ್ತದೆ. ಪರದೆ ಒಪ್ಪಿಸುವ ಮುನ್ನ ಈ ಎರಡು ಹೆಸರನ್ನೂ ಬಟನ್‌ನೊಳಗೆ ಹಾಕಿ ನೋಡಬೇಕು. ಆಂಡ್ರಾಯ್ಡ್ ಕೂಡ ಇಲ್ಲಿ ತಡವಾಗಿ ಎಚ್ಚೆತ್ತಿದೆ. ಎತ್ತರದ ಲಿಪಿಗಳನ್ನು ಇಕ್ಕಟ್ಟಾಗಿ ಕೂರಿಸುವ ಹಳೆಯ ರೂಢಿಯನ್ನು ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಕೈಬಿಟ್ಟು, `elegantTextHeight` ಎಂಬ ಗುಣವನ್ನು ತಾನಾಗಿಯೇ ಚಾಲೂ ಮಾಡಿತು; ಇದು ಅನ್ವಯಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಬಟನ್‌ನ ಎತ್ತರವನ್ನು ಇಷ್ಟೇ ಎಂದು ಬಿಗಿದಿದ್ದವರ ಪರದೆಯಲ್ಲಿ ಈ ಸುಧಾರಣೆಯೇ ಹೊಸ ತೊಂದರೆ ತರಬಲ್ಲದು. ಆದ್ದರಿಂದ ಎತ್ತರ ಬಿಗಿಯಬಾರದು. ಕನಿಷ್ಠ ಮಿತಿಯನ್ನಷ್ಟೇ ಹೇಳಿ, ಉಳಿದದ್ದನ್ನು ಅಕ್ಷರಕ್ಕೆ ಬಿಡಬೇಕು:

```xml
android:layout_height="wrap_content"
android:minHeight="64dp"
android:textSize="20sp"
android:elegantTextHeight="true"
```

"ಇಷ್ಟು ದೊಡ್ಡದು ಮಾಡಿದರೆ ಪರದೆಯಲ್ಲಿ ಹಿಡಿಸುವುದಿಲ್ಲ" ಎಂಬುದು ಎಲ್ಲರ ಮೊದಲ ಆಕ್ಷೇಪ. ಲೆಕ್ಕ ಹಾಕಿಯೇ ಬಿಡೋಣ. 2022ರ ಕೊನೆಯಲ್ಲಿ ನಮ್ಮ ಯಾತ್ರಿ ಬಂದಮೇಲೆ ಆಟೋ ಚಾಲಕರ ಆ್ಯಪ್ ಎಂದರೆ ಏನೆಂದು ಊರಿಗೆಲ್ಲ ಗೊತ್ತು; ಅಂಥದೇ ಒಂದು ಕಲ್ಪಿತ ಆ್ಯಪ್‌ನ ಭಾಷೆ ಆರಿಸುವ ಪರದೆಯನ್ನು ತೆಗೆದುಕೊಳ್ಳಿ. ದಂಡು ಪ್ರದೇಶದ ಆಟೋ ಸ್ಟ್ಯಾಂಡಿಗೆ ಒಪ್ಪುವಂತೆ ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಆರೂ ಇರಲಿ. ಪರದೆ 360ಕ್ಕೆ 800 ಡಿಪಿ. ಮೇಲಿನ ಗಡಿಯಾರದ ಪಟ್ಟಿ, ಕೆಳಗಿನ ಹಿಂದೆ-ಮುಂದೆ ಪಟ್ಟಿ ಸೇರಿ 72 ಹೋಯಿತು. ಶೀರ್ಷಿಕೆ ಮತ್ತು ಅಂಚಿಗೆ 120 ಇಟ್ಟರೂ 608 ಉಳಿಯುತ್ತದೆ. ಒಂದೊಂದು ಸಾಲಿಗೆ 64, ನಡುವೆ 8ರ ಬಿಡುವು ಎಂದರೆ ಆರು ಭಾಷೆಗೆ 424. ಕೆಳಗೆ ‘ಮುಂದುವರಿಯಿರಿ’ ಬಟನ್‌ಗೆ ಅಂಚು ಸೇರಿ 88 ತೆಗೆದರೂ 96 ಡಿಪಿ ಖಾಲಿ ಉಳಿಯಿತು. ಹಿಡಿಸದಿರುವುದು ಭಾಷೆಗಳಲ್ಲ, ನಗುವ ಆಟೋದ ಚಿತ್ರ, ಸ್ವಾಗತದ ಘೋಷಣೆ, ಕಂಪನಿಯ ಲೋಗೊ. ಅವುಗಳಿಗೆ ಜಾಗ ಮಾಡಲು ಭಾಷೆಗಳನ್ನು 32 ಡಿಪಿ ಸಾಲಿಗೆ ಇಳಿಸುತ್ತಾರೆ. ಉರ್ದುವನ್ನು ನಸ್ತಲೀಕ್‌ನಲ್ಲಿ ಬರೆದರೆ ಅದು ಇಳಿಜಾರಾಗಿ ಸಾಗುವ ಲಿಪಿ, ಕನ್ನಡಕ್ಕಿಂತ ಹೆಚ್ಚು ಎತ್ತರ ಬೇಡುತ್ತದೆ. 32ರಲ್ಲಿ ಅದರ ಗತಿ ಕೇಳಬೇಡಿ.

ಕಾಣುವ ಬಟನ್ ಚಿಕ್ಕದಿರಲಿ, ಒತ್ತುವ ಜಾಗವನ್ನು ಕಾಣದಂತೆ ಸುತ್ತ ಹಿಗ್ಗಿಸಿದರಾಯಿತಲ್ಲ ಎನ್ನುವವರಿದ್ದಾರೆ. ಮೂಲೆಯಲ್ಲಿ ಒಂಟಿಯಾಗಿರುವ ಗುರುತಿಗೆ ಇದು ನಡೆಯುತ್ತದೆ, ಒಪ್ಪುತ್ತೇನೆ. ಒಂದರ ಕೆಳಗೊಂದು ಇರುವ ಸಾಲುಗಳಲ್ಲಿ ಹಿಗ್ಗಿಸಿದ ಜಾಗ ಪಕ್ಕದವರ ಜಾಗದ ಮೇಲೇ ಬೀಳುತ್ತದೆ. ಮೇಲಾಗಿ ಜನ ಗುರಿಯಿಡುವುದು ಕಂಡದ್ದಕ್ಕೆ. ಸಾಲಿನಲ್ಲಿ ಆಯ್ಕೆಯ ಚಿಕ್ಕ ವೃತ್ತವನ್ನು ಕಂಡವರು ಅದನ್ನೇ ಒತ್ತಲು ಹೆಣಗುತ್ತಾರೆ, ಸಾಲಿನ ಉಳಿದ ಭಾಗವೂ ಕೆಲಸ ಮಾಡುತ್ತದೆಂದು ಅವರಿಗೆ ಹೇಳಿದವರು ಯಾರು?

ಎಲ್ಲಕ್ಕಿಂತ ಕೆಟ್ಟದ್ದು ಷರತ್ತುಗಳ ಸಾಲು. 20 ಡಿಪಿ ಚೌಕ, ಪಕ್ಕದಲ್ಲಿ 12ರ ಅಳತೆಯ ತಿಳಿಬೂದು ಅಕ್ಷರ, ಅದೇ ವಾಕ್ಯದೊಳಗೆ ಹುದುಗಿದ ಎರಡು ಕೊಂಡಿಗಳು. ಒಪ್ಪಿಗೆ ಕೊಡಲು ಹೋದ ಹೆಬ್ಬೆರಳು ಕೊಂಡಿಗೆ ತಗುಲಿ ಬ್ರೌಸರ್ ತೆರೆದುಕೊಳ್ಳುತ್ತದೆ. ಹಿಂದೆ ಬಂದರೆ ಕೆಲವು ಆ್ಯಪ್‌ಗಳಲ್ಲಿ ಬರೆದ ಫೋನ್ ನಂಬರೂ ಅಳಿಸಿಹೋಗಿರುತ್ತದೆ. ಬೂದು `#9E9E9E` ಬಿಳಿಯ ಮೇಲೆ ಸುಮಾರು 2.7ರ ಅನುಪಾತವನ್ನಷ್ಟೇ ಕೊಡುತ್ತದೆ, ಬೇಕಿರುವುದು 4.5, ಆಟೋದ ಹ್ಯಾಂಡಲ್ ಮೇಲೆ ಬಿಸಿಲಿಗೆ ಮುಖ ಮಾಡಿದ ಫೋನ್‌ನಲ್ಲಿ ಆ ಸಾಲು ಇದ್ದೂ ಇಲ್ಲದಂತೆ. ಕಾನೂನಿನ ಮಾತು ಸಣ್ಣ ಅಕ್ಷರದಲ್ಲೇ ಇರುವುದಲ್ಲವೇ ಎಂಬ ಸಮಜಾಯಿಷಿ ಈಗ ನಿಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಕೋರಿಕೆ ಸ್ಪಷ್ಟ, ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷ್‌ನಲ್ಲಾಗಲಿ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಕಣ್ಣಿಗೆ ಕಾಣದ ಅಕ್ಷರವನ್ನು ಸ್ಪಷ್ಟ ಎನ್ನುವುದು ಹೇಗೆ? ಪರಿಹಾರ ಸುಲಭ: ಚೌಕ ತೆಗೆಯಿರಿ, ಕೊಂಡಿಗಳನ್ನು ತಲಾ 48 ಡಿಪಿಯ ಪ್ರತ್ಯೇಕ ಸಾಲು ಮಾಡಿ, ಕೆಳಗೆ ‘ಒಪ್ಪುತ್ತೇನೆ’ ಎಂಬ ಒಂದೇ ದೊಡ್ಡ ಬಟನ್ ಇಡಿ. ಆ ಪದದಲ್ಲೂ ಎರಡು ಒತ್ತಿವೆ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಲೆಕ್ಕ ಪೂರ್ತಿ ಉತ್ತರ ಕೊಡುವುದಿಲ್ಲ. ನಲವತ್ತು ದಾಟಿದವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು ದುಪ್ಪಟ್ಟು ಮಾಡಿಕೊಂಡಿದ್ದರೆ ಮೇಲಿನ 64ರ ಸಾಲು 90 ದಾಟಬಹುದು, ಆರು ಭಾಷೆ ಒಂದೇ ನೋಟಕ್ಕೆ ಸಿಗುವುದಿಲ್ಲ. ಆಗ ಅಕ್ಷರ ಕುಗ್ಗಿಸಬಾರದು, ಪಟ್ಟಿ ಜಾರಲಿ. ಜಾರುತ್ತದೆಂದು ಗೊತ್ತಾಗಲು ಕೊನೆಯ ಸಾಲು ಅರ್ಧ ಕಾಣುವಂತಿರಬೇಕು, ‘ಮುಂದುವರಿಯಿರಿ’ ಬಟನ್ ಕೆಳಗೆ ಅಂಟಿಕೊಂಡೇ ಇರಬೇಕು. ಆದರೂ ಕೆಲವರು ಕಾಣುವವುಗಳಲ್ಲೇ ಒಂದನ್ನು ಆರಿಸಿ ಮುಂದೆ ಹೋಗುತ್ತಾರೆ. ಅದಕ್ಕಾಗಿ ಮುಂದಿನ ಪರದೆಯ ತುದಿಯಲ್ಲಿ ಭಾಷೆ ಬದಲಿಸುವ ಬಟನ್ ಉಳಿಸಿಕೊಳ್ಳಬೇಕು, 48 ಡಿಪಿಗೆ ಕಡಿಮೆಯಿಲ್ಲದಂತೆ.