ಉಳಿದ ರಜೆಯ ಹಣ ಮತ್ತು ಅದರ ತೆರಿಗೆ

ನಿವೃತ್ತಿಯ ದಿನದಂದು ನೌಕರನ ಖಾತೆಯಲ್ಲಿ ಉಪಯೋಗಿಸದೆ ಉಳಿದ ಗಳಿಕೆ ರಜೆಯನ್ನು ಹಣವಾಗಿ ಪರಿವರ್ತಿಸಿ ಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಖಾಸಗಿ ನೌಕರರ ಪಾಲಿಗೆ ಈ ಹಣದ ತೆರಿಗೆ ವಿನಾಯಿತಿಯ ಮಿತಿಯನ್ನು 3 ಲಕ್ಷ ರೂಪಾಯಿಗಳಿಂದ 25 ಲಕ್ಷಕ್ಕೆ ಏರಿಸಿದ ಅಧಿಸೂಚನೆ 2023ರ ಮೇ ತಿಂಗಳಲ್ಲಿ ಹೊರಟು, ಅದೇ ವರ್ಷದ ಏಪ್ರಿಲ್ 1ರಿಂದಲೇ ಅನ್ವಯವಾದಾಗ, 25 ಲಕ್ಷದೊಳಗಿನ ಮೊತ್ತಕ್ಕೆ ತೆರಿಗೆಯೇ ಇಲ್ಲವೆಂಬ ನಂಬಿಕೆ ನನ್ನ ಸಹೋದ್ಯೋಗಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. 2024ರ ಆಗಸ್ಟ್ ಅಂತ್ಯಕ್ಕೆ ನಾನು ನಿವೃತ್ತನಾದಾಗ ನಮ್ಮ ಕಾರ್ಖಾನೆಯ ಲೆಕ್ಕಪತ್ರ ವಿಭಾಗದವರೂ ಅದೇ ನಂಬಿಕೆಯಿಂದ ನನ್ನ ಸಮಗ್ರ ಮೊತ್ತವನ್ನು ವಿನಾಯಿತಿಯ ಅಂಕಣದಲ್ಲಿ ಬರೆದು ಕಳುಹಿಸಿದ್ದರು.

ಆದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 10(10ಎಎ) ವಿಧಿ ಹೇಳಿದ್ದು ಹಾಗಲ್ಲ. ಕೈಗೆ ಬಂದ ಮೊತ್ತ, ಹತ್ತು ತಿಂಗಳ ಸರಾಸರಿ ಸಂಬಳ, 25 ಲಕ್ಷದ ಮಿತಿ, ಹಾಗೂ ಕಾಯಿದೆಯ ದೃಷ್ಟಿಯಲ್ಲಿ ಉಳಿದಿರುವ ರಜೆಯ ಸಂಬಳ, ಈ ನಾಲ್ಕರಲ್ಲಿ ಯಾವುದು ಕನಿಷ್ಠವೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಬಹುತೇಕ ಸಂದರ್ಭಗಳಲ್ಲಿ 25 ಲಕ್ಷದ ಮಾತು ಬರುವ ಮೊದಲೇ ಉಳಿದ ಮೂರರಲ್ಲೊಂದು ನಮ್ಮನ್ನು ತಡೆದು ನಿಲ್ಲಿಸಿರುತ್ತದೆ. ನನ್ನನ್ನು ತಡೆದದ್ದು ನಾಲ್ಕನೆಯದು.

ಇಲ್ಲಿ ಸಂಬಳವೆಂದರೆ ಮೂಲವೇತನ ಮತ್ತು ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಸೇರುವ ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆ ಮೊದಲಾದವು ಇದರಲ್ಲಿ ಸೇರವು. ನಿವೃತ್ತಿಗೆ ಮುಂಚಿನ ಹತ್ತು ತಿಂಗಳಲ್ಲಿ, ನವೆಂಬರಿನಿಂದ ಮಾರ್ಚಿನವರೆಗೆ ನನಗೆ ಈ ಬಾಬಿನಲ್ಲಿ ತಿಂಗಳಿಗೆ 60,000 ರೂಪಾಯಿ ಬರುತ್ತಿತ್ತು. ಏಪ್ರಿಲಿನ ಬಡ್ತಿಯ ತರುವಾಯ ಆಗಸ್ಟಿನವರೆಗೆ 66,000 ಬಂತು. ಆದುದರಿಂದ ಸರಾಸರಿ 63,000, ಅದರ ಹತ್ತುಪಟ್ಟು 6,30,000.

ನಮ್ಮ ಸಂಸ್ಥೆ ವರ್ಷಕ್ಕೆ 36 ದಿನಗಳ ಗಳಿಕೆ ರಜೆಯನ್ನು, ವರ್ಷ ಪೂರ್ಣವಾದ ಮೇಲೆ, ಔದಾರ್ಯದಿಂದ ಜಮಾ ಮಾಡುತ್ತಿತ್ತು. ನನ್ನ ಸೇವೆ 24 ವರ್ಷ 8 ತಿಂಗಳಾದ್ದರಿಂದ ಒಟ್ಟು 864 ದಿನಗಳು ಜಮೆಯಾಗಿ, ಅದರಲ್ಲಿ 540 ದಿನಗಳನ್ನು ಆಗಾಗ್ಗೆ ಉಪಯೋಗಿಸಿದ್ದ ಕಾರಣ 324 ಉಳಿದಿದ್ದವು. ಸಂಸ್ಥೆ ಕಡೆಯ ಸಂಬಳವನ್ನು 30ರಿಂದ ಭಾಗಿಸಿ, ದಿನಕ್ಕೆ 2,200ರಂತೆ 7,12,800 ರೂಪಾಯಿಗಳನ್ನು ಕೊಟ್ಟಿತು. ಕಾಯಿದೆಯಾದರೋ ಸಂಸ್ಥೆಯ ಔದಾರ್ಯವನ್ನು ಲೆಕ್ಕಿಸದೆ, ಪೂರ್ಣಗೊಂಡ ಪ್ರತಿ ವರ್ಷಕ್ಕೆ 30 ದಿನಗಳಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಎಂಟು ತಿಂಗಳ ಚೂರನ್ನು ಬಿಟ್ಟೇ ಬಿಡುತ್ತದೆ. ಹಾಗಾಗಿ 24 ವರ್ಷಕ್ಕೆ 720 ದಿನ, ಅದರಲ್ಲಿ ನಾನು ಬಳಸಿದ 540ನ್ನು ಕಳೆದರೆ ಉಳಿಯುವುದು 180 ದಿನ, ಅಂದರೆ ಆರು ತಿಂಗಳು. ಸರಾಸರಿ ಸಂಬಳದ ಆರುಪಟ್ಟು 3,78,000 ರೂಪಾಯಿಗಳಾಗುತ್ತದೆ. ವಿನಾಯಿತಿ ಇಷ್ಟಕ್ಕೇ, ಉಳಿದ 3,34,800 ರೂಪಾಯಿ ಆ ವರ್ಷದ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಟ್ಟಿತು.

ವರ್ಷಕ್ಕೆ ಆರು ದಿನಗಳ ಅಂತರವು ಇಪ್ಪತ್ತನಾಲ್ಕು ವರ್ಷಗಳಲ್ಲಿ 144 ದಿನಗಳಾಗಿ ಬೆಳೆದಿತ್ತೆಂಬುದನ್ನು ಗಮನಿಸಬೇಕು. ಉದಾರ ರಜೆ ಕೊಡುವ ಸಂಸ್ಥೆಯ ನೌಕರನಿಗೇ ಈ ಪೆಟ್ಟು ಹೆಚ್ಚು. ಸೇವೆಯಲ್ಲಿರುವಾಗಲೇ ನಗದೀಕರಿಸಿಕೊಂಡ ರಜೆಯೂ ಬಳಸಿದ ಲೆಕ್ಕಕ್ಕೆ ಸೇರುವುದಲ್ಲದೆ, ಆ ಹಣಕ್ಕೆ ಆಯಾ ವರ್ಷವೇ ಪೂರ್ಣ ತೆರಿಗೆ ಬೀಳುತ್ತದೆ; ಅದಕ್ಕೆ ಈ ವಿಧಿಯ ಆಶ್ರಯವಿಲ್ಲ.

ರಾಜ್ಯ ಸರ್ಕಾರದ ಸೇವೆಯಿಂದ ನಿವೃತ್ತರಾದ ನಮ್ಮ ಭಾವನವರು ಇದನ್ನು ಕೇಳಿ, "ನಮಗೆ ಇಷ್ಟೆಲ್ಲ ತಾಪತ್ರಯವೇ ಇಲ್ಲವಲ್ಲಪ್ಪ" ಎಂದರು. ಮಾತು ನಿಜ. ಅವರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 30ರಿಂದ ಭಾಗಿಸಿ, ಗರಿಷ್ಠ 300 ದಿನಗಳಿಗೆ ಗುಣಿಸಿ ಕೊಟ್ಟ ಇಡೀ ಮೊತ್ತಕ್ಕೂ ತೆರಿಗೆಯಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೌಕರರಿಗೆ ಕಾಯಿದೆ ಕೊಟ್ಟ ಸೌಲಭ್ಯವಿದು. ಆದರೆ ಸರ್ಕಾರಿ ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳ ನೌಕರರನ್ನು ಈ ವಿಷಯದಲ್ಲಿ ಸರ್ಕಾರಿ ನೌಕರರೆಂದು ಎಣಿಸುವುದಿಲ್ಲವಾದ್ದರಿಂದ, ಅವರೂ ನನ್ನ ಸಾಲಿನಲ್ಲೇ ನಿಲ್ಲಬೇಕು. ಇದು ನ್ಯಾಯವೆಂದು ನನಗೆ ಈಗಲೂ ತೋರುವುದಿಲ್ಲ.

ಮೇಲಿನ ಗುಣಾಕಾರವನ್ನು ಒಂದು ಹಾಳೆಯಲ್ಲಿ ಬರೆದು, ರಜೆ ಖಾತೆಯ ನಕಲಿನೊಡನೆ ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟೆ. ಅವರು ಒಪ್ಪಿ, ಕಡೆಯ ಪಾವತಿಯಲ್ಲೇ ಮೂಲದಲ್ಲಿ ತೆರಿಗೆ ಹಿಡಿದುಕೊಂಡು, ನಮೂನೆ 16ರಲ್ಲಿ ವಿನಾಯಿತಿಯನ್ನು 3,78,000 ಎಂದೇ ತೋರಿಸಿದರು. ಹಿಂದೆ ಬೇರೆ ಸಂಸ್ಥೆಯನ್ನು ಬಿಡುವಾಗ ಇದೇ ವಿನಾಯಿತಿಯನ್ನು ಪಡೆದವರು ಇನ್ನೊಂದನ್ನೂ ಆ ಹಾಳೆಯಲ್ಲಿ ಬರೆಯಬೇಕಾಗುತ್ತದೆ: 25 ಲಕ್ಷವೆಂಬುದು ಇಡೀ ಜೀವಮಾನಕ್ಕೆ ಸೇರಿದ ಮಿತಿಯಾದುದರಿಂದ, ಆಗ ಪಡೆದ ವಿನಾಯಿತಿಯನ್ನು ಅದರಿಂದ ಕಳೆದು ಉಳಿದಷ್ಟನ್ನೇ ಈಗಿನ ಮಿತಿಯಾಗಿ ಹಿಡಿಯಬೇಕು.